ಬಾಡಿಗೆ ಕಟ್ಟಬೇಕಾದ ಸೂಪರ್‌ಹೀರೋ

ಮೈಗಂಟಿದ ಕೆಂಪು-ನೀಲಿ ವೇಷ, ಮುಖ ಮುಚ್ಚುವ ಮುಸುಕು. ಗೋಡೆ ಹತ್ತಬಲ್ಲ ಹುಡುಗನೊಬ್ಬ ಬ್ಯಾಂಕಿನ ಕೌಂಟರ್ ಮುಂದೆ ನಿಂತಿದ್ದಾನೆ. ದರೋಡೆ ತಡೆಯುವುದಕ್ಕೆ ಬಂದವನಲ್ಲ, ಚೆಕ್ ನಗದು ಮಾಡಿಸಿಕೊಳ್ಳಲು ಬಂದವನು. ಚೆಕ್ ಬರೆದಿರುವುದು 'ಸ್ಪೈಡರ್‌ಮ್ಯಾನ್' ಹೆಸರಿಗೆ. ಒಳಗೆ ಕುಳಿತವನು ಗುರುತಿನ ಪುರಾವೆ ಕೇಳುತ್ತಾನೆ. ಹುಡುಗ ತನ್ನ ವೇಷ ತೋರಿಸುತ್ತಾನೆ. ವೇಷ ಯಾರು ಬೇಕಾದರೂ ಹಾಕಿಕೊಳ್ಳಬಹುದಲ್ಲ, ಅದು ಲೆಕ್ಕಕ್ಕಿಲ್ಲ ಎಂದು ಬ್ಯಾಂಕಿನವನು ಚೆಕ್ಕನ್ನು ಹಾಗೇ ವಾಪಸ್ ಕೊಡುತ್ತಾನೆ. ಮನೆಯಲ್ಲಿ ಮೇ ಚಿಕ್ಕಮ್ಮನಿಗೆ ಬಾಡಿಗೆ ಕಟ್ಟಲು ದುಡ್ಡಿಲ್ಲ. ಕಾರಿಗಿಂತ ಭಾರದ್ದನ್ನು ಎತ್ತಬಲ್ಲ ಹುಡುಗ ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ.

1963ರ 'ಅಮೇಜಿಂಗ್ ಸ್ಪೈಡರ್‌ಮ್ಯಾನ್' ಮೊದಲ ಸಂಚಿಕೆಯ ದೃಶ್ಯ ಇದು. ಬರಹ ಸ್ಟ್ಯಾನ್ ಲೀ ಅವರದು, ಚಿತ್ರ ಸ್ಟೀವ್ ಡಿಟ್ಕೊ ಅವರದು. ಇದಕ್ಕೆ ಕೆಲವು ತಿಂಗಳ ಮುಂಚೆ, 1962ರಲ್ಲಿ, ಮುಚ್ಚಿಹೋಗುತ್ತಿದ್ದ 'ಅಮೇಜಿಂಗ್ ಫ್ಯಾಂಟಸಿ' ಎಂಬ ಪತ್ರಿಕೆಯ ಹದಿನೈದನೆಯ ಹಾಗೂ ಕೊನೆಯ ಸಂಚಿಕೆಯಲ್ಲಿ ಹನ್ನೊಂದು ಪುಟಗಳಲ್ಲಿ ಇವನ ಹುಟ್ಟುಕಥೆ ಬಂದಿತ್ತು. ಜೇಡ ಕಚ್ಚಿದ್ದು, ಬೆನ್ ಚಿಕ್ಕಪ್ಪ ಸತ್ತಿದ್ದು ಅದರಲ್ಲಿದ್ದವು. ಅವು ಎಲ್ಲರಿಗೂ ಗೊತ್ತು. ಜೇಡ ಕಚ್ಚಿದ ಮೇಲೆ ಪೀಟರ್ ಪಾರ್ಕರ್ ಮಾಡಿದ ಮೊದಲ ಕೆಲಸ ಮಾತ್ರ ಅಷ್ಟಾಗಿ ಯಾರಿಗೂ ನೆನಪಿರುವುದಿಲ್ಲ. ಕುಸ್ತಿ ಅಖಾಡದಲ್ಲಿ ಮೂರು ನಿಮಿಷ ನಿಂತರೆ ನೂರು ಡಾಲರ್ ಎಂಬ ಪ್ರಕಟಣೆ ನೋಡಿ ಅವನು ಕಣಕ್ಕಿಳಿಯುತ್ತಾನೆ. ಲೋಕೋದ್ಧಾರದ ಯೋಚನೆ ಅವನಿಗೆ ಬಂದದ್ದು ಆಮೇಲೆ, ಅದೂ ಬಹಳ ಬೆಲೆ ತೆತ್ತ ಮೇಲೆ.

ಸೂಪರ್‌ಹೀರೋ ಕಥೆಗಳಲ್ಲಿ ಹುಟ್ಟುಕಥೆಗೆ ಒಂದು ಠೀವಿ ಇರುತ್ತದೆ. 1938ರಲ್ಲಿ ಬಂದ ಸೂಪರ್‌ಮ್ಯಾನ್‌ಗೆ ಒಂದು ಇಡೀ ಗ್ರಹವೇ ಸಿಡಿಯಬೇಕಾಯಿತು. ಆ ಠೀವಿಯನ್ನು ಬಿಟ್ಟು ಹುಟ್ಟುಕಥೆಯನ್ನು ಅಡುಗೆಮನೆಯವರೆಗೆ ಇಳಿಸುವ ಒಂದು ಬಗೆಯೂ ಇದೆ. ಅಲ್ಲಿ ಶಕ್ತಿ ಸಣ್ಣದು, ತೊಂದರೆ ದಿನನಿತ್ಯದ್ದು, ನಾಯಕನಿಗೆ ತನ್ನ ಶಕ್ತಿಯ ಬಗ್ಗೆ ಹೆಮ್ಮೆಗಿಂತ ಮುಜುಗರವೇ ಹೆಚ್ಚು. ಬರೆಯಲು ಕೂತವರು ಸಾಮಾನ್ಯವಾಗಿ ಇದನ್ನು ಹಾಸ್ಯ ಎಂದುಕೊಳ್ಳುತ್ತಾರೆ. ನಾಯಕನನ್ನು ಪೆದ್ದನನ್ನಾಗಿ ಮಾಡಿ, ಕೆಲಸಕ್ಕೆ ಬಾರದ ಶಕ್ತಿ ಕೊಟ್ಟು, ನಾಲ್ಕು ಬಾರಿ ಬೀಳಿಸಿದರೆ ಆಯಿತು ಎನ್ನುವ ಲೆಕ್ಕ. ಆದರೆ ಬ್ಯಾಂಕಿನ ಆ ದೃಶ್ಯವನ್ನು ಮತ್ತೊಮ್ಮೆ ನೋಡಿ. ಅಲ್ಲಿ ಪೀಟರ್ ಪೆದ್ದನಲ್ಲ, ಅವನ ಶಕ್ತಿಯೂ ಸಣ್ಣದಲ್ಲ. ಅವನ ಮುಂದಿರುವ ತೊಂದರೆಯ ಜಾತಿಯೇ ಬೇರೆ. ಬ್ಯಾಂಕಿನ ಕಿಟಕಿ ಮುರಿಯುವ ತಾಕತ್ತು ಅವನಿಗಿದೆ, ಚೆಕ್ ಪಾಸು ಮಾಡಿಸುವ ತಾಕತ್ತಿಲ್ಲ. ಅದಕ್ಕೆ ಬೇಕಾದದ್ದು ಹೆಸರು, ವಿಳಾಸ, ಸಹಿ. ಮುಸುಕು ಹಾಕಿಕೊಂಡವನು ಬಿಟ್ಟುಕೊಟ್ಟಿರುವುದು ಅವನ್ನೇ. ಬಾಡಿಗೆಯ ಪಕ್ಕದಲ್ಲಿ ತಂದು ನಿಲ್ಲಿಸಿದ್ದರಿಂದ ಆ ದೊಡ್ಡ ಶಕ್ತಿ ಸಣ್ಣದಾಗಿ ಕಾಣುತ್ತದೆ.

ಆದ್ದರಿಂದ ಬರೆಯುವವರು ಮೊದಲು ಹುಡುಕಬೇಕಾದದ್ದು ಮನೆಯ ತಾಪತ್ರಯವನ್ನು, ಶಕ್ತಿಯನ್ನು ಆಮೇಲೆ. ಮಿಂಚು ಹೊಡೆಯುವ ಮೊದಲೇ ಆ ಮನೆಯಲ್ಲೊಂದು ಜಗಳ ನಡೆಯುತ್ತಿರಬೇಕು, ಮಿಂಚು ಹೊಡೆದ ಮೇಲೂ ಅದು ಮುಗಿದಿರಬಾರದು. ಬರೆದ ಕಥೆಯಿಂದ ಶಕ್ತಿಯನ್ನು ಪೂರ್ತಿ ತೆಗೆದುಹಾಕಿ ಓದಿದರೆ ಇದು ತಿಳಿಯುತ್ತದೆ. ಆಗಲೂ ಅಲ್ಲೊಂದು ಮನೆ, ಒಂದು ಚಿಂತೆ, ಮಾತಾಡುವ ಎರಡು ಜೀವ ಉಳಿದಿದ್ದರೆ ಕಥೆಗೆ ಬುನಾದಿ ಇದೆ. ಏನೂ ಉಳಿಯದಿದ್ದರೆ ಬಾಡಿಗೆ, ಚಿಕ್ಕಮ್ಮ, ಹಾಲಿನ ಪಾಕೆಟ್ಟು ಎಲ್ಲ ಬರೀ ಅಲಂಕಾರಕ್ಕೆ ಬಂದವು.

ನಮ್ಮ ಪಕ್ಕದ ಕೇರಳದಲ್ಲಿ ಬಾಸಿಲ್ ಜೋಸೆಫ್ ನಿರ್ದೇಶಿಸಿದ 'ಮಿನ್ನಲ್ ಮುರಳಿ' ಈ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾಗುತ್ತದೆ. 2021ರ ಕ್ರಿಸ್‌ಮಸ್ ಹೊತ್ತಿಗೆ ನೆಟ್‌ಫ್ಲಿಕ್ಸ್‌ಗೆ ಬಂದ ಈ ಚಿತ್ರ ಕನ್ನಡದ ಮಾತುಗಳಲ್ಲೂ ಸಿಗುತ್ತದೆ. ಕುರುಕ್ಕನ್‌ಮೂಲ ಎಂಬ ಕಲ್ಪಿತ ಹಳ್ಳಿ, ಕಾಲ 1990ರ ದಶಕ. ಟೊವಿನೊ ಥಾಮಸ್ ಮಾಡಿರುವ ಜೈಸನ್ ಒಬ್ಬ ದರ್ಜಿ. ಅವನಿಗೆ ಊರು ಬಿಟ್ಟು ಅಮೆರಿಕಕ್ಕೆ ಹೋಗುವ ಹಂಬಲ. ಪ್ರೀತಿಸಿದ ಹುಡುಗಿಗೆ ಬೇರೆ ಕಡೆ ಸಂಬಂಧ ಕುದುರಿದೆ, ಅವಳ ಮನೆಯವರಲ್ಲೊಬ್ಬ ಪೊಲೀಸ್ ಇನ್‌ಸ್ಪೆಕ್ಟರ್. ಜೈಸನ್‌ನ ಸ್ವಂತ ಭಾವನೂ ಅದೇ ಠಾಣೆಯಲ್ಲಿ ಪೊಲೀಸ್. ಇಷ್ಟು ತಲೆನೋವು ಕಟ್ಟಿಕೊಂಡವನಿಗೆ ಸಿಡಿಲು ಬಡಿಯುತ್ತದೆ.

ಸಿಡಿಲು ಬಡಿದ ಮೇಲೆ ತನಗೇನಾಗಿದೆ ಎಂದು ಕಂಡುಹಿಡಿಯಲು ಅವನಿಗೆ ಪ್ರಯೋಗಶಾಲೆಯಿಲ್ಲ, ವಿಜ್ಞಾನಿಯಿಲ್ಲ. ಅಕ್ಕನ ಮಗನಿದ್ದಾನೆ. ಸೂಪರ್‌ಹೀರೋ ಕಥೆಗಳ ಹುಚ್ಚಿರುವ ಆ ಪುಟ್ಟ ಹುಡುಗ ಮಾವನಿಗೆ ಪರೀಕ್ಷೆ ಇಡುತ್ತಾನೆ. ಇದು ಬೇಕಾದಂತೆಯೇ, ನಾವೆಲ್ಲ ಮನೆಯಲ್ಲಿ ಮಕ್ಕಳನ್ನು ಆಡಿಸುವ ಧಾಟಿಯಲ್ಲಿ ನಡೆಯುತ್ತದೆ. ಇಲ್ಲಿ ಆಡಿಸುವವನು ಮಗು ಎಂಬುದಷ್ಟೇ ವ್ಯತ್ಯಾಸ. ಮುಂದೆ ಜೈಸನ್ ತನ್ನ ಶಕ್ತಿಯನ್ನು ಬಳಸುವುದಾದರೂ ಯಾವುದಕ್ಕೆ? ಮುಖಕ್ಕೆ ಬಟ್ಟೆ ಸುತ್ತಿಕೊಂಡು ತನ್ನನ್ನು ಗೋಳು ಹೊಯ್ದುಕೊಂಡ ಪೊಲೀಸರಿಗೆ ನಾಲ್ಕು ಬಿಗಿಯುವುದಕ್ಕೆ. ಅದು ಊರಿನ ಹಳೇ ಸೇಡು ಅಷ್ಟೇ, ನ್ಯಾಯ ಗೀಯ ಏನಿಲ್ಲ. ಪ್ರೇಕ್ಷಕರಿಗೆ ಅವನು ಹತ್ತಿರವಾಗುವುದೂ ಅಲ್ಲೇ.

ಆದರೆ ಈ ಚಿತ್ರವನ್ನು ಮೇಲಕ್ಕೆತ್ತಿರುವುದು ಅದೇ ಸಿಡಿಲು ಬಡಿದ ಇನ್ನೊಬ್ಬ. ಗುರು ಸೋಮಸುಂದರಂ ಅಭಿನಯದ ಶಿಬು ಚಹಾ ಅಂಗಡಿಯಲ್ಲಿ ಕೆಲಸ ಮಾಡುವವನು. ಊರವರ ಕಣ್ಣಿಗೆ ಅರೆಹುಚ್ಚ. ಬಾಲ್ಯದಿಂದ ಪ್ರೀತಿಸಿದ ಉಷಾ ವರ್ಷಗಳ ಮೇಲೆ ಊರಿಗೆ ಮರಳಿದ್ದಾಳೆ, ಅವಳ ಮಗಳಿಗೆ ಕಾಯಿಲೆ, ಚಿಕಿತ್ಸೆಗೆ ದುಡ್ಡು ಬೇಕು. ಶಿಬು ಬೆದರುಬೊಂಬೆಯ ವೇಷ ಹಾಕಿಕೊಂಡು ಬ್ಯಾಂಕಿಗೆ ನುಗ್ಗುತ್ತಾನೆ. ಪೀಟರ್ ಪಾರ್ಕರ್ ಚೆಕ್ ಹಿಡಿದು ಸಪ್ಪೆ ಮೋರೆಯಲ್ಲಿ ಹೊರಬಂದ ಬಾಗಿಲಿನಲ್ಲೇ ಶಿಬು ಒಳಕ್ಕೆ ಹೋದ ಹಾಗೆ ನನಗೆ ಕಾಣುತ್ತದೆ. ಮನೆಯ ತೊಂದರೆಯನ್ನು ಶಕ್ತಿ ನೇರವಾಗಿ ಬಗೆಹರಿಸಲು ಹೊರಟ ಗಳಿಗೆಯಲ್ಲಿ ಆ ಮನುಷ್ಯ ಖಳನಾಗುತ್ತಾನೆ. ಅವನ ಮೇಲೆ ನಮಗೆ ಕೋಪ ಬರುವುದಿಲ್ಲ, ಆ ದುಡ್ಡು ಯಾಕೆ ಬೇಕು ಎಂದು ನಮಗೆ ಗೊತ್ತು. ಜೈಸನ್‌ನ ಸಮಸ್ಯೆಗಳಿಗೆ, ಅಂದರೆ ಕೈತಪ್ಪಿದ ಹುಡುಗಿಗೆ ಮತ್ತು ಅಮೆರಿಕದ ಕನಸಿಗೆ, ವೇಗವಾಗಿ ಓಡುವ ಕಾಲುಗಳಿಂದ ಉಪಯೋಗವಿಲ್ಲ. ಅವನು ನಾಯಕನಾಗಿ ಉಳಿದದ್ದಕ್ಕೆ ಅವನ ಒಳ್ಳೆಯತನದಷ್ಟೇ ಇದೂ ಕಾರಣ ಎನ್ನುವುದು ನನ್ನ ಗುಮಾನಿ.

ಕಡೆಯ ಭಾಗದಲ್ಲಿ ಚಿತ್ರ ಊರು ಉಳಿಸುವ ದೊಡ್ಡ ಹೊಡೆದಾಟಕ್ಕೆ ಹೊರಳುತ್ತದೆ. ಸೊಗಸಾಗಿಯೇ ತೆಗೆದಿದ್ದಾರೆ, ಆದರೆ ಅಂಥ ಹೊಡೆದಾಟ ಬೇರೆ ಚಿತ್ರಗಳಲ್ಲೂ ಸಿಗುತ್ತದೆ. ಮಾವ-ಅಳಿಯನ ಪರೀಕ್ಷೆಗಳು ಸಿಗುವುದಿಲ್ಲ.

ಈ ಎರಡು ಕಥೆಗಳಲ್ಲೂ ಶಕ್ತಿ ದೊಡ್ಡದೇ. ನಿಜಕ್ಕೂ ಸಣ್ಣ ಶಕ್ತಿಯನ್ನು ಇಟ್ಟುಕೊಂಡು ಹುಟ್ಟುಕಥೆ ಕಟ್ಟುವುದು ಇನ್ನೂ ಕಷ್ಟ. 1999ರ 'ಮಿಸ್ಟರಿ ಮೆನ್' ಎಂಬ ಅಮೆರಿಕದ ಚಿತ್ರದಲ್ಲಿ ಅದೃಶ್ಯನಾಗಬಲ್ಲ ಒಬ್ಬ ಹುಡುಗನಿದ್ದಾನೆ. ಯಾರೂ ನೋಡದಿದ್ದಾಗ ಮಾತ್ರ ಅವನು ಅದೃಶ್ಯನಾಗುತ್ತಾನೆ! ಕೇಳಿದ ಕೂಡಲೇ ನಗು ಬರುತ್ತದೆ. ಆದರೆ ಆ ಶಕ್ತಿಯನ್ನು ಅವನ ಮನೆಗೆ ಕರೆದುಕೊಂಡು ಹೋಗಲು ಆಗುವುದಿಲ್ಲ. ಅದರಿಂದ ಅಮ್ಮನಿಗೆ ಉಪಕಾರವೂ ಇಲ್ಲ, ಉಪದ್ರವವೂ ಇಲ್ಲ. ಅದೊಂದು ಚಟಾಕಿ. ಒಂದು ಕಥೆಯುದ್ದಕ್ಕೂ ಬಾಳುವ ಸಣ್ಣ ಶಕ್ತಿಗೆ ಎರಡು ಗುಣ ಇರಬೇಕು. ಅದರ ಮಿತಿಯನ್ನು ಮನೆಯ ಸಾಮಾನಿನಲ್ಲೇ ಅಳೆಯಲು ಬರಬೇಕು. ಜೊತೆಗೆ ಅದು ಬಂದದ್ದರಿಂದ, ಮೊದಲು ಸಲೀಸಾಗಿ ಮಾಡುತ್ತಿದ್ದ ಯಾವುದೋ ಒಂದು ಕೆಲಸ ಕೈತಪ್ಪಿರಬೇಕು.

ಒಂದು ಕಥೆಯನ್ನು ಹೀಗೆ ಕಟ್ಟಿ ನೋಡೋಣ. ಧಾರವಾಡ, ಡಿಸೆಂಬರ್ ತಿಂಗಳು. ಬಸವರಾಜ ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ಹೆಂಡತಿ ರೇಣುಕಾ, ಆರು ವರ್ಷದ ಮಗಳು. ಮಹಡಿಯ ಮೇಲಿನ ಬಾಡಿಗೆ ಮನೆ, ಮಾಲಕರು ಕೆಳಗಿದ್ದಾರೆ. ಹೊಸ ವರ್ಷದಿಂದ ಬಾಡಿಗೆ ಎರಡು ಸಾವಿರ ಏರುತ್ತದೆಂದು ಅವರು ಆಗಲೇ ಸೂಚನೆ ಕೊಟ್ಟಿದ್ದಾರೆ. ಬಚ್ಚಲಿನ ಗೀಜರ್ ಸ್ವಿಚ್ಚು ಮುಟ್ಟಿದರೆ ಜುಮ್ ಎನ್ನುತ್ತದೆ, ಅರ್ಥಿಂಗ್ ಸರಿಯಿಲ್ಲ. ಅದನ್ನು ಹೇಳಲು ಕೆಳಗಿಳಿದರೆ ಬಾಡಿಗೆಯ ಮಾತು ಬರುತ್ತದೆಂದು ಬಸವರಾಜ ದಿನ ತಳ್ಳುತ್ತಿದ್ದಾನೆ. ಒಂದು ಬೆಳಗ್ಗೆ ಒದ್ದೆ ಕೈಯಲ್ಲಿ ಸ್ವಿಚ್ಚು ಒತ್ತಿ ಬಲವಾಗಿ ಶಾಕ್ ಹೊಡೆಸಿಕೊಳ್ಳುತ್ತಾನೆ. ಅಂದಿನಿಂದ ಅವನ ಎರಡೂ ಅಂಗೈ ಸದಾ ನಲವತ್ಮೂರು ಡಿಗ್ರಿ ಬಿಸಿ. ಹೆಚ್ಚಾಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ.

ಶಕ್ತಿ ಬಂದ ದಾರಿಯನ್ನು ಗಮನಿಸಿ. ಬಾಡಿಗೆಯ ಭಯವೇ ಅವನಿಗೆ ಶಕ್ತಿ ತಂದುಕೊಟ್ಟಿದೆ. ಆಕಾಶದಿಂದ ಬಿದ್ದ ಉಲ್ಕೆಯಾಗಿದ್ದರೆ ಈ ಮನೆಗೂ ಅದಕ್ಕೂ ಸಂಬಂಧವಿರುತ್ತಿರಲಿಲ್ಲ. ಇನ್ನು ಅವನು ಇದನ್ನು ಹೆಂಡತಿಗೆ ಹೇಳುವ ಗಳಿಗೆ. ಹುಟ್ಟುಕಥೆಯಲ್ಲಿ ಧಾಟಿ ಕೈಕೊಡುವುದು ಹೆಚ್ಚಾಗಿ ಇಲ್ಲಿಯೇ. 'ನನಗೇನೋ ಆಗಿದೆ, ನಾನು ಮೊದಲಿನವನಲ್ಲ' ಎಂದು ಅವನು ಕಿಟಕಿಯಾಚೆ ನೋಡುತ್ತ ನುಡಿದರೆ ನಾವು ಮನೆ ಬಿಟ್ಟು ಸಿನಿಮಾ ಸೆಟ್ಟಿಗೆ ಬಂದುಬಿಡುತ್ತೇವೆ. ಮನೆಯೊಳಗೇ ಉಳಿದರೆ ಮಾತು ಹೀಗೆ ಬರುತ್ತದೆ:

"ಅಲ್ರೀ, ಕೈ ಎಷ್ಟ ಬಿಸಿ ಅದಾವ್ರೀ! ಜ್ವರಾ ಬಂದಾವೇನ?"

"ಜ್ವರಾ ಅಲ್ಲ. ಮುಂಜಾನೆ ಗೀಜರ್ ಸ್ವಿಚ್ಚ ಹೊಡೀತಲ್ಲ, ಆವಾಗಿಂದ ಹಿಂಗ ಐತಿ."

"ನಾ ಬಡ್ಕೊಂಡಿದ್ನಿಲ್ಲೋ, ಮಾಲಕ್ರಿಗೆ ಹೇಳ್ರೀ ಅಂತ? ಈಗರ ಹೇಳ್ತೀರೋ ಇಲ್ಲೋ?"

"ಹೇಳ್ತೀನಿ. ಹೇಳಿದ್ರ ಬಾಡಗಿ ಮಾತ ತಗೀತಾರ."

ಪವಾಡ ನಡೆದಿದೆ, ಮಾತು ಮಾತ್ರ ಬಾಡಿಗೆಗೆ ಹೋಯಿತು. ರೇಣುಕಾಗೆ ಕೈ ಬಿಸಿಯಾದದ್ದು ಆಶ್ಚರ್ಯವೇ. ಆದರೆ ಆ ಆಶ್ಚರ್ಯ ಎಷ್ಟೋ ದಿನದ ಕಿರಿಕಿರಿಯ ಹಿಂದೆ ಸರದಿಯಲ್ಲಿ ನಿಲ್ಲಬೇಕಾಗಿದೆ. ಇಲ್ಲಿ ಬರೆಯುವವರು ನಗಬಾರದು. 'ಲೋಕದ ಮೊದಲ ಸೂಪರ್‌ಹೀರೋ ಹೆಂಡತಿಯ ಬೈಗುಳ ತಿನ್ನುತ್ತಿದ್ದ' ಎಂದು ನಿರೂಪಕ ನಡುವೆ ಬಾಯಿ ಹಾಕಿದರೆ ಮುಗಿಯಿತು, ಓದುಗರು ಗಂಡ-ಹೆಂಡಿರನ್ನು ಬಿಟ್ಟು ನಿರೂಪಕನ ಕಡೆ ನೋಡುತ್ತಾರೆ. ಮನೆಯವರು ಈ ವಿಷಯವನ್ನು ತಮ್ಮ ಮಟ್ಟಿಗೆ ಗಂಭೀರವಾಗಿ ತೆಗೆದುಕೊಂಡಷ್ಟೂ ಓದುಗರಿಗೆ ನಗು ಬರುತ್ತದೆ.

ಈಗ ಅಳತೆ. ಧಾರವಾಡದ ಚಳಿಯಲ್ಲಿ ಮೊಸರು ಹೆಪ್ಪಾಗುವುದಿಲ್ಲ, ಬೆಳಗ್ಗೆ ನೋಡಿದರೆ ನೀರು ನೀರು. ಹಾಲಿಗೆ ಹೆಪ್ಪು ಹಾಕಿದ ಮೇಲೆ ನಲವತ್ತರ ಆಸುಪಾಸಿನ ಬಿಸಿ ಐದಾರು ಗಂಟೆ ಉಳಿದರೆ ಮೊಸರು ಗಟ್ಟಿಯಾಗುತ್ತದೆ. ರೇಣುಕಾಗೆ ಹೊಳೆಯುವ ಮೊದಲ ಉಪಯೋಗ ಇದೇ. ಬಸವರಾಜನ ಕೈಗೆ ಆ ಬಿಸಿ ಇದೆ, ಆದರೆ ಕೈ ಪಾತ್ರೆಯ ಮೇಲಿದ್ದರೆ ಮಾತ್ರ. ಅಂದರೆ ಒಂದು ಲೀಟರ್ ಮೊಸರಿಗಾಗಿ ಅವನು ರಾತ್ರಿ ಹತ್ತರಿಂದ ಬೆಳಗಿನ ಮೂರರವರೆಗೆ ಪಾತ್ರೆಯನ್ನು ತಬ್ಬಿಕೊಂಡು ಕೂರಬೇಕು. ಬರೀ 'ಬಿಸಿ ಕೈ' ಎಂದಿದ್ದರೆ ಇದು ಏನು ಬೇಕಾದರೂ ಆಗಬಹುದಾದ ಮಂತ್ರವಾಗುತ್ತಿತ್ತು. ಡಿಗ್ರಿ, ಗಂಟೆ ಗೊತ್ತಾದ ಕೂಡಲೇ ಅದು ರಾತ್ರಿಪಾಳಿಯ ಕೆಲಸವಾಯಿತು. ಮೂರನೇ ದಿನ ಅವನು ಅಂಗಡಿಯಲ್ಲಿ ತೂಕಡಿಸುತ್ತಾನೆ.

ಅಂಗಡಿಯಲ್ಲಿ ಇನ್ನೊಂದು ಪೀಕಲಾಟ. ಚಿಲ್ಲರೆ ಕೊಡುವಾಗ ಕೈ ತಾಗಿದ ಗಿರಾಕಿಗಳು ಹಿಂದೆ ಸರಿಯುತ್ತಾರೆ. ಇಷ್ಟು ಜ್ವರ ಇಟ್ಟುಕೊಂಡು ಗುಳಿಗೆ ಮುಟ್ಟಬಹುದೇ ಎಂದು ಯಾರೋ ಯಜಮಾನರಿಗೆ ದೂರುತ್ತಾರೆ. ಯಜಮಾನರು ಕೆಟ್ಟವರಲ್ಲ, ನಾಲ್ಕು ದಿನ ಮನೆಯಲ್ಲಿ ಆರಾಮ ಮಾಡು ಎನ್ನುತ್ತಾರೆ. ಆ ನಾಲ್ಕು ದಿನದ ಪಗಾರ ಇಲ್ಲ. ಥರ್ಮಾಮೀಟರ್ ಬಾಯಲ್ಲಿಟ್ಟು ತೋರಿಸಿದರೆ ತೊಂಬತ್ತೆಂಟೂವರೆ ಇದೆ, ಕೈ ಮುಟ್ಟಿದರೆ ಸುಡುತ್ತದೆ. ಇದನ್ನು ಯಾರಿಗೆ ಏನೆಂದು ವಿವರಿಸುವುದು? ಬಾಡಿಗೆ ಏರುವ ಹೊತ್ತಿಗೆ ಸರಿಯಾಗಿ ಆದಾಯ ಇಳಿಯಿತು.

ಇನ್ನು ಅವನು ಕಳೆದುಕೊಂಡದ್ದು. ರಾತ್ರಿ ಮಗಳು ಮುಲುಗುತ್ತಾಳೆ. ಬಸವರಾಜ ಎಂದಿನಂತೆ ಹಣೆ ಮುಟ್ಟಿ ನೋಡುತ್ತಾನೆ. ತಣ್ಣಗಿದೆ. "ಏನಿಲ್ಲ, ಮಲಗ್ಸು" ಎನ್ನುತ್ತಾನೆ. ಮಗುವಿನ ಜ್ವರ ಮೂವತ್ತೊಂಬತ್ತು ಡಿಗ್ರಿ, ಅಂಗೈ ನಲವತ್ಮೂರು. ಬಿಸಿ ಕೈಗೆ ಯಾವ ಹಣೆಯೂ ತಂಪೇ. ಒಂದು ಗಂಟೆಯ ಮೇಲೆ ರೇಣುಕಾ ಮುಟ್ಟಿ ನೋಡಿ ಕೂಗಿಕೊಳ್ಳುತ್ತಾಳೆ. ಯಾವ ತಂದೆಯೂ ಯೋಚಿಸದೆ ಮಾಡುವ ಕೆಲಸ ಅದು. ಇನ್ನು ಮುಂದೆ ಅವನಿಗೆ ಅದು ಆಗುವುದಿಲ್ಲ.

ಈ ಕಥೆಯಲ್ಲಿ ನಾನು ಉಳಿಸಿಕೊಳ್ಳುವ ದೃಶ್ಯ ಒಂದೇ ಎಂದರೆ ಇದೇ. ಮೊಸರಿನ ಪ್ರಸಂಗ ಇನ್ನೊಂದು ಶಕ್ತಿಯಿಂದಲೂ ಹುಟ್ಟಿಸಬಹುದು. ಹಣೆಯ ಪ್ರಸಂಗ ಈ ಶಕ್ತಿಗೇ, ಈ ಡಿಗ್ರಿಗೇ ಅಂಟಿಕೊಂಡದ್ದು. ಖಳನಾಯಕನಿಲ್ಲದೆಯೇ ಇಲ್ಲಿ ಭಯ ಬಂದಿದೆ. ಮುಜುಗರದ ಕಥೆಯಾದ್ದರಿಂದ ಅಪಾಯ ಇರಬಾರದು ಎಂದು ಕೆಲವರು ತಿಳಿದಿರುತ್ತಾರೆ. ಅಪಾಯವಿಲ್ಲದ ಕಥೆ ಮೂರನೇ ಪುಟಕ್ಕೆ ಬೇಸರ ಹುಟ್ಟಿಸುತ್ತದೆ. ಅಪಾಯದ ಗಾತ್ರ ಮನೆಯೊಳಗೆ ಹಿಡಿಸುವಷ್ಟಿರಬೇಕು, ಅಷ್ಟೇ.

ಇಂಥ ಕಥೆಗಳು ಕೆಡುವುದು ಬಹುಪಾಲು ಕೊನೆಯಲ್ಲಿ. ಬರೆಯುವವರಿಗೆ ಸಣ್ಣ ಶಕ್ತಿಯ ಮೇಲೆ ಕನಿಕರ ಬಂದುಬಿಡುತ್ತದೆ. ಬಸವರಾಜನ ಕೈ ಇದ್ದಕ್ಕಿದ್ದಂತೆ ನಾನೂರು ಡಿಗ್ರಿಗೆ ಏರುತ್ತದೆ, ಅವನು ಸರಳು ಕರಗಿಸಿ ಯಾರನ್ನೋ ಕಾಪಾಡುತ್ತಾನೆ, ಊರು ಚಪ್ಪಾಳೆ ತಟ್ಟುತ್ತದೆ. ಅಲ್ಲಿಯವರೆಗೆ ನಲವತ್ಮೂರನ್ನು ನಂಬಿದ್ದ ಓದುಗರಿಗೆ ಅದು ಮೋಸ. ಅಂಕೆಯನ್ನು ಮುರಿಯುವುದಕ್ಕಿಂತ, ಅದೇ ಅಂಕೆಗೆ ಹೊಸದೊಂದು ಉಪಯೋಗವನ್ನೋ ಉಪದ್ರವವನ್ನೋ ಹುಡುಕುವುದು ಲೇಸು. ಇನ್ನೊಂದು ಬಗೆಯ ಕೆಡುಕು ಮೆತ್ತಗಿನದು. ಕೈಬಿಸಿಯಿಂದಲೇ ಬಾಡಿಗೆಯ ತಕರಾರು ಇತ್ಯರ್ಥವಾಗಿಬಿಡುತ್ತದೆ: ಮಾಲಕರ ಹೆಂಡತಿಗೆ ಸಂಧಿವಾತ, ಬಸವರಾಜನ ಕೈಯಿಂದ ಕಾವು ಸಿಕ್ಕಿ ಗುಣ, ಬಾಡಿಗೆ ಮಾಫಿ. ಓದಲು ಹಿತವಾಗಿಯೇ ಇರುತ್ತದೆ. ಆದರೆ ಆಗ ಶಕ್ತಿ ವರವಾಯಿತು, ಕಥೆ ವ್ರತಕಥೆಯಾಯಿತು.

ಸ್ಪೈಡರ್‌ಮ್ಯಾನ್ ಬರೆದವರು ಈ ತೊಡಕನ್ನು ಬಿಡಿಸಿದ ರೀತಿ ನನಗೆ ಇಷ್ಟ. ಎರಡನೇ ಸಂಚಿಕೆಯಲ್ಲಿ ಪೀಟರ್‌ಗೆ ಕೊನೆಗೂ ದುಡ್ಡು ಸಿಗುತ್ತದೆ. ಹೋರಾಡಿದ್ದಕ್ಕಲ್ಲ, ಹೋರಾಟದ ಫೋಟೋ ತೆಗೆದು ಪತ್ರಿಕೆಗೆ ಮಾರಿದ್ದಕ್ಕೆ. ಕೊಂಡುಕೊಳ್ಳುವವನು ಸ್ಪೈಡರ್‌ಮ್ಯಾನ್ ಎಂದರೆ ಕೆಂಡ ಕಾರುವ ಸಂಪಾದಕ ಜೇಮ್ಸನ್. ಬಾಡಿಗೆಗೆ ದಾರಿಯಾಯಿತು, ಆದರೆ ತನ್ನನ್ನೇ ಬೈಯುವ ಪತ್ರಿಕೆಗೆ ತಾನೇ ಚಿತ್ರ ಒದಗಿಸುವ ಫಜೀತಿ ಹೆಗಲೇರಿತು. ಒಂದು ತೊಂದರೆ ಇಳಿದ ಜಾಗದಲ್ಲಿ ಅದಕ್ಕಿಂತ ವಿಚಿತ್ರವಾದ ಇನ್ನೊಂದು ಕೂತಿತು. ಇದರಿಂದ ಆ ಸರಣಿಗೆ ವರ್ಷಗಟ್ಟಲೆ ಸಾಮಗ್ರಿ ಸಿಕ್ಕಿತು.

ಬಸವರಾಜನಿಗೂ ಹಾಗೇ ಮಾಡಬಹುದು. ಮೊಸರಿನ ವಿಷಯ ಹೇಗೋ ಕೆಳಗಿನ ಮನೆಗೆ ಗೊತ್ತಾಗುತ್ತದೆ, ಕಾರಣ ಮಾತ್ರ ಗೊತ್ತಿಲ್ಲ. ಮಾಲಕರ ಹೆಂಡತಿ ಸಂಜೆ ಹೊತ್ತಿಗೆ ತಮ್ಮ ಹಾಲಿನ ಪಾತ್ರೆಯನ್ನೂ ಮೇಲೆ ಕಳಿಸುತ್ತಾರೆ, ನಿಮ್ಮ ಮನೀ ಹೆಪ್ಪು ಛಲೋ ಐತಿ ಎಂದು. ಬಾಡಿಗೆಯಲ್ಲಿ ಐನೂರು ಕಡಿಮೆ ಮಾಡಲು ಮಾಲಕರು ಒಪ್ಪುತ್ತಾರೆ, ಗೀಜರ್ ಮಾತ್ರ ಮುಂದಿನ ತಿಂಗಳು ನೋಡೋಣ ಎನ್ನುತ್ತಾರೆ. ಉಳಿದ ಒಂದೂವರೆ ಸಾವಿರವನ್ನು ಎಲ್ಲಿಂದ ತರುವುದೆಂದು ಗಂಡ-ಹೆಂಡತಿ ಲೆಕ್ಕ ಹಾಕುತ್ತ ಕೂತಿರುವಾಗ ಹುಟ್ಟುಕಥೆಯನ್ನು ನಿಲ್ಲಿಸಬೇಕು. ಅವನಿಗೆ ವೇಷ ಹೊಲಿಸುವ ಅಗತ್ಯವಿಲ್ಲ. ಹೆಚ್ಚೆಂದರೆ ಅಂಗಡಿಗೆ ಹೋಗುವಾಗ ಹಾಕಿಕೊಳ್ಳಲು ಒಂದು ಜೊತೆ ಉಣ್ಣೆಯ ಕೈಗವಸು ಸಾಕು, ಅದಕ್ಕೂ ಗಿರಾಕಿಗಳಿಗೆ ಒಂದು ಸುಳ್ಳು ಹೊಂದಿಸಬೇಕು. ಡಿಸೆಂಬರಿನಲ್ಲಿ ಆ ಸುಳ್ಳು ನಡೆಯುತ್ತದೆ. ಏಪ್ರಿಲ್‌ನಲ್ಲಿ ಏನು ಹೇಳುತ್ತಾನೆ ಎಂಬುದು ಎರಡನೇ ಕಂತಿನ ಕಥೆ.